ಹೊಲಿಗೆಯ ತಗ್ಗಿನಲ್ಲಿ ದಾರಿ ತಪ್ಪುವ ಸಾಲು

ಹಳೆಯ ಶಾಲೆಯೊಂದರ ದಾಖಲಾತಿ ರಿಜಿಸ್ಟರನ್ನು ಫೋನಿನಲ್ಲಿ ಫೋಟೊ ತೆಗೆದು, ಅಕ್ಷರ ಓದುವ ಪ್ರೋಗ್ರಾಮಿಗೆ ಕೊಟ್ಟು, ಬಂದ ಪಟ್ಟಿಯನ್ನು ಮೂಲದ ಜೊತೆ ತಾಳೆ ನೋಡಿದರೆ ಒಂದು ವಿಚಿತ್ರ ತಪ್ಪು ಕಣ್ಣಿಗೆ ಬೀಳುವುದುಂಟು. ಪುಟದ ಮೇಲ್ಭಾಗದ ಮಕ್ಕಳಿಗೆ ತಮಗಿಂತ ಹಿಂದಿನ ಮಗುವಿನ ಜನ್ಮದಿನಾಂಕ ಅಂಟಿಕೊಂಡಿರುತ್ತದೆ. ಕೆಳಭಾಗದ ಮಕ್ಕಳಿಗೆ ಮುಂದಿನ ಮಗುವಿನದು ಬಂದಿರುತ್ತದೆ. ನಡುವಿನ ಕೆಲವು ಸಾಲುಗಳು ಮಾತ್ರ ಸರಿಯಾಗಿರುತ್ತವೆ. ಅಕ್ಷರಗಳನ್ನು ಓದುವುದರಲ್ಲಿ ಪ್ರೋಗ್ರಾಂ ಎಡವಿಲ್ಲ. ಹೆಸರೂ ಸರಿ, ತಾರೀಖೂ ಸರಿ. ಯಾವ ಹೆಸರಿನ ಮುಂದೆ ಯಾವ ತಾರೀಖು ಎಂಬುದಷ್ಟೇ ತಪ್ಪು. ಪರಿಶೀಲಿಸುವವರು ಪುಟದ ನಡುವಿನ ಎರಡು ಸಾಲು ನೋಡಿ ಸರಿಯಿದೆ ಎಂದು ಸಹಿ ಹಾಕಿದರೆ ಇದು ಎಂದಿಗೂ ಹೊರಬೀಳುವುದಿಲ್ಲ.

ತಪ್ಪಿನ ಬೇರು ಇರುವುದು ರಿಜಿಸ್ಟರಿನ ಹೊಲಿಗೆಯ ಹತ್ತಿರ. ಐದಾರುನೂರು ಪುಟಗಳ ದಪ್ಪ ರಿಜಿಸ್ಟರನ್ನು ಬಿಡಿಸಿಟ್ಟರೆ ಹಾಳೆ ಮೇಜಿನಂತೆ ಸಮತಟ್ಟಾಗಿ ಮಲಗುವುದಿಲ್ಲ. ಹೊರಅಂಚಿನಿಂದ ಒಳಗೆ ಬರುತ್ತಾ ಸ್ವಲ್ಪ ಉಬ್ಬಿ, ಕೊನೆಯ ಒಂದೆರಡು ಅಂಗುಲದಲ್ಲಿ ಹೊಲಿಗೆಯ ತಗ್ಗಿಗೆ ಧುಮುಕುತ್ತದೆ. ನಮ್ಮ ಕಣ್ಣಿಗೆ ಇದು ತೊಂದರೆಯೇ ಅಲ್ಲ. ಬೆರಳಿಟ್ಟು ಗೆರೆಯ ಜಾಡು ಹಿಡಿದು ಓದುತ್ತೇವೆ, ಬೇಕಾದರೆ ತಲೆ ಓರೆ ಮಾಡುತ್ತೇವೆ. ಆದರೆ ಫೋಟೊದಲ್ಲಿ ಆ ಇಳಿಜಾರು ಎರಡು ಬೇರೆ ಬೇರೆ ವಿಕಾರಗಳಾಗಿ ಕಾಣಿಸಿಕೊಳ್ಳುತ್ತದೆ. ಸಾಲು ಮೇಲಕ್ಕೋ ಕೆಳಕ್ಕೋ ಬಾಗುತ್ತದೆ, ಅಕ್ಷರ ಅಡ್ಡಡ್ಡ ಕುಗ್ಗುತ್ತದೆ. ಮೊದಲನೆಯದು ಎಲ್ಲರಿಗೂ ಕಾಣುತ್ತದೆ. ಎರಡನೆಯದು ಹೆಚ್ಚಿನವರ ಗಮನಕ್ಕೇ ಬರುವುದಿಲ್ಲ, ನನ್ನ ಮಟ್ಟಿಗೆ ಹೆಚ್ಚು ಕೆಟ್ಟದ್ದು ಅದೇ.

ಲೆಕ್ಕ ಹಾಕಿಯೇ ನೋಡೋಣ. ಫುಲ್‌ಸ್ಕೇಪ್ ಅಳತೆಯ ರಿಜಿಸ್ಟರ್ ಎಂದುಕೊಳ್ಳಿ: ಪುಟದ ಎತ್ತರ ಸುಮಾರು 34 ಸೆಂ.ಮೀ., ಅಗಲ 21.5 ಸೆಂ.ಮೀ., ಗೆರೆಯಿಂದ ಗೆರೆಗೆ 8 ಮಿ.ಮೀ. ಒಂದು ಮಗುವಿನ ವಿವರ ಎಡಪುಟದಲ್ಲಿ ಕ್ರಮಸಂಖ್ಯೆಯಿಂದ ಶುರುವಾಗಿ ಹೊಲಿಗೆ ದಾಟಿ ಬಲಪುಟಕ್ಕೆ ಹೋಗುತ್ತದೆ. ಎಡಪುಟದ ಕೊನೆಯ ಕಾಲಮಿನಲ್ಲಿ, ಎಂದರೆ ಸರಿಯಾಗಿ ಹೊಲಿಗೆಯ ಪಕ್ಕದಲ್ಲಿ, ಜನ್ಮದಿನಾಂಕ ಅಂಕಿಗಳಲ್ಲಿದೆ. ಬಲಪುಟದ ಮೊದಲ ಕಾಲಮಿನಲ್ಲಿ ಅದೇ ದಿನಾಂಕ ಅಕ್ಷರಗಳಲ್ಲಿದೆ. ಹನ್ನೆರಡು ಮೆಗಾಪಿಕ್ಸೆಲ್ಲಿನ ಸಾಮಾನ್ಯ ಫೋನನ್ನು ಪುಟದ ನಡುಮಧ್ಯಕ್ಕೆ ಸರಿಯಾಗಿ, ಉಬ್ಬಿನಿಂದ 30 ಸೆಂ.ಮೀ. ಎತ್ತರದಲ್ಲಿ ಹಿಡಿದಿದ್ದೇವೆ. ಈ ಎತ್ತರದಲ್ಲಿ ಕಾಗದದ ಒಂದು ಮಿಲಿಮೀಟರಿಗೆ ಫೋಟೊದಲ್ಲಿ ಸುಮಾರು 10 ಪಿಕ್ಸೆಲ್ ಸಿಗುತ್ತವೆ. ಆದ್ದರಿಂದ ಒಂದು ಸಾಲಿನಿಂದ ಇನ್ನೊಂದಕ್ಕೆ 80 ಪಿಕ್ಸೆಲ್ ಅಂತರ.

ಉಬ್ಬಿನಿಂದ ಹೊಲಿಗೆಯವರೆಗೆ ಕಾಗದದ ಕೊನೆಯ 3 ಸೆಂ.ಮೀ. ಬಾಗಿ ಇಳಿದಿದೆ, ತುದಿಯಲ್ಲಿ ಇಳಿಜಾರು 70 ಡಿಗ್ರಿ ಮುಟ್ಟಿದೆ ಎನ್ನೋಣ. ಆಗ ತಗ್ಗಿನ ಆಳ ಸುಮಾರು 16 ಮಿ.ಮೀ. ಆಗುತ್ತದೆ. ತಗ್ಗಿನಲ್ಲಿರುವ ಕಾಗದ ಕ್ಯಾಮೆರಾದಿಂದ ಅಷ್ಟು ದೂರ ಹೋಯಿತು. ದೂರ ಹೋದದ್ದು ಫೋಟೊದಲ್ಲಿ ನಡುಬಿಂದುವಿನ ಕಡೆಗೆ ಸರಿಯುತ್ತದೆ. ಪುಟದ ಮಧ್ಯಕ್ಕಿಂತ 15 ಸೆಂ.ಮೀ. ಮೇಲಿರುವ ಮೊದಲ ಸಾಲನ್ನು ತೆಗೆದುಕೊಳ್ಳಿ. ಉಬ್ಬಿನ ಮೇಲೆ ಅದು ಫೋಟೊದ ಮಧ್ಯದಿಂದ 1500 ಪಿಕ್ಸೆಲ್ ಮೇಲಿದ್ದರೆ, ಹೊಲಿಗೆ ಮುಟ್ಟುವ ಹೊತ್ತಿಗೆ 1424ಕ್ಕೆ ಇಳಿದಿರುತ್ತದೆ. 76 ಪಿಕ್ಸೆಲ್ ಕುಸಿತ. ಸಾಲುಗಳ ನಡುವಿನ ಅಂತರವೇ 80!

ಎಂದರೆ ಎರಡನೆಯ ಸಾಲಿನ ಹೆಸರು ಹಿಡಿದು ನೆಟ್ಟಗೆ ಬಲಕ್ಕೆ ಹೋದ ಪ್ರೋಗ್ರಾಂ ಹೊಲಿಗೆಯ ಹತ್ತಿರ ಎದುರುಗೊಳ್ಳುವುದು ಕೆಳಗೆ ಬಾಗಿ ಬಂದ ಮೊದಲನೆಯ ಸಾಲಿನ ತಾರೀಖನ್ನು. ಪುಟದ ಕೆಳಭಾಗದಲ್ಲಿ ಇದೇ ಕತೆ ತಲೆಕೆಳಗಾಗಿ ನಡೆಯುತ್ತದೆ: ಅಲ್ಲಿ ಸಾಲುಗಳು ಹೊಲಿಗೆಯ ಕಡೆ ಮೇಲಕ್ಕೇರುತ್ತವೆ, ಮುಂದಿನ ಮಗುವಿನ ತಾರೀಖು ಹಿಂದಿನವನ ಪಾಲಾಗುತ್ತದೆ. ಮಧ್ಯದ ಸಾಲಿಗೆ ಕುಸಿತ ಸೊನ್ನೆ. ಮಧ್ಯಕ್ಕೂ ತುದಿಗೂ ನಡುವೆ ಇರುವ ಸಾಲಿಗೆ 38 ಪಿಕ್ಸೆಲ್, ಅರ್ಧ ಸಾಲಿನಷ್ಟು. ಅಲ್ಲಿ ಪ್ರೋಗ್ರಾಂ ಎರಡು ಸಾಲುಗಳ ನಡುವಿನ ಬಿಳಿಜಾಗದಲ್ಲಿ ಸಾಗಿ ಎರಡರ ಚೂರುಗಳನ್ನೂ ಕೂಡಿಸಿ ಅರ್ಥವಿಲ್ಲದ ಏನನ್ನೋ ಕೊಡುತ್ತದೆ. ಅರ್ಥವಿಲ್ಲದ್ದಾದರೂ ವಾಸಿ, ತಪ್ಪೆಂದು ತಕ್ಷಣ ಗೊತ್ತಾಗುತ್ತದೆ.

ಹೀಗಾಗಿ ಸಾಲು ಗುರುತಿಸುವ ಮೊದಲೇ ಪುಟವನ್ನು ಸಪಾಟು ಮಾಡಬೇಕು. ಇಲ್ಲೊಂದು ತೊಡಕು ಎದುರಾಗುತ್ತದೆ. ಪುಟ ಎಷ್ಟು, ಎಲ್ಲಿ ಬಾಗಿದೆ ಎಂದು ತಿಳಿಯಲು ನಮ್ಮ ಬಳಿ ಇರುವ ಸಾಕ್ಷಿ ಸಾಲುಗಳೇ. ಸಾಲು ಸಿಗಬೇಕಾದರೆ ಪುಟ ಸಪಾಟಾಗಬೇಕು, ಪುಟ ಸಪಾಟಾಗಬೇಕಾದರೆ ಸಾಲು ಸಿಗಬೇಕು. ಬಿಡಿಸುವ ಉಪಾಯವಿಷ್ಟೆ: ಸಪಾಟು ಮಾಡುವುದಕ್ಕೆ ಸಾಲು ಪೂರ್ತಿ ಸಿಗಬೇಕಾಗಿಲ್ಲ, ತುಂಡುತುಂಡಾಗಿ ಸಿಕ್ಕರೂ ಸಾಕು. ಯಾವ ತುಂಡು ಯಾವ ಮಗುವಿಗೆ ಸೇರಿದ್ದು ಎಂಬ ಪ್ರಶ್ನೆಯನ್ನು ಆಮೇಲಕ್ಕೆ ಬಿಟ್ಟು, ಸದ್ಯಕ್ಕೆ ಪ್ರತಿ ತುಂಡಿನ ಓರೆಯನ್ನಷ್ಟೇ ಅಳೆದರೆ ಕೆಲಸ ಮುಂದೆ ಸಾಗುತ್ತದೆ.

ರಿಜಿಸ್ಟರಿನ ಒಂದು ಅನುಕೂಲವೆಂದರೆ ಅದರಲ್ಲಿ ಅಚ್ಚಿನ ಗೆರೆಗಳಿವೆ. ಕೈಬರಹವನ್ನು ನಂಬುವುದಕ್ಕಿಂತ ಗೆರೆಗಳನ್ನು ನಂಬುವುದು ಎಷ್ಟೋ ಮೇಲು, ಕನ್ನಡದಲ್ಲಂತೂ ಇನ್ನೂ ಮೇಲು. ಇಂಗ್ಲಿಷ್ ಪುಸ್ತಕಗಳಿಗಾಗಿ ಬರೆದ ಪ್ರೋಗ್ರಾಂಗಳು ಅಕ್ಷರಗಳ ಬುಡವನ್ನು ಹಿಡಿದು ಸಾಲಿನ ಬಾಗನ್ನು ಅಂದಾಜು ಮಾಡುತ್ತವೆ. ನಮ್ಮಲ್ಲಿ ಅಕ್ಷರದ ಬುಡಕ್ಕೆ ಒತ್ತು ನೇತಾಡುತ್ತಿರುತ್ತದೆ. ರಿಜಿಸ್ಟರಿನ ಹೆಸರಿನ ಕಾಲಂ ನೋಡಿ: ಸಿದ್ದಪ್ಪ, ಕೃಷ್ಣಪ್ಪ, ಲಕ್ಷ್ಮಮ್ಮ, ಪುಟ್ಟಮ್ಮ. ಅಪ್ಪ ಅಮ್ಮ ಇರುವವರೆಗೂ ಒತ್ತು ತಪ್ಪಿದ್ದಲ್ಲ. ಆ ಒತ್ತುಗಳು ಅಚ್ಚಿನ ಗೆರೆಯನ್ನೂ ದಾಟಿ ಕೆಳಗಿನ ಸಾಲಿನ ತಲೆ ಮುಟ್ಟುತ್ತವೆ. ಬುಡದ ಬಿಂದುಗಳನ್ನು ಜೋಡಿಸುತ್ತಾ ಹೋದರೆ ಪ್ರತಿ ಹೆಸರಿನ ಕೊನೆಯಲ್ಲೂ ಸಾಲು ಕೆಳಗೆ ಜಗ್ಗಿದಂತೆ ಕಾಣುತ್ತದೆ, ಹೊಲಿಗೆಯಿಂದ ದೂರದ ಸಮತಟ್ಟಾದ ಜಾಗದಲ್ಲೂ ಪ್ರೋಗ್ರಾಂ ಇಲ್ಲದ ಹಳ್ಳ ತೋಡುತ್ತದೆ. ಗೆರೆಗಳೇ ಇಲ್ಲದ ರಿಜಿಸ್ಟರಾದರೆ ಬುಡ ಬಿಟ್ಟು ತಲೆಕಟ್ಟುಗಳ ಜಾಡು ಹಿಡಿಯುವುದು ಒಳ್ಳೆಯದು. ಕೈಬರಹದಲ್ಲೂ ಅವು ತಕ್ಕಮಟ್ಟಿಗೆ ಒಂದೇ ಎತ್ತರದಲ್ಲಿರುತ್ತವೆ.

ಗೆರೆಯನ್ನು ಹಿಡಿಯುವ ಕ್ರಮ ಹೀಗೆ. ಫೋಟೊವನ್ನು ಮೇಲಿನಿಂದ ಕೆಳಗಿನವರೆಗೆ 20 ಪಿಕ್ಸೆಲ್ ಅಗಲದ ಪಟ್ಟಿಗಳಾಗಿ ವಿಂಗಡಿಸಿಕೊಳ್ಳಬೇಕು. ಅಷ್ಟು ಕಿರಿದಾದ ಪಟ್ಟಿಯೊಳಗೆ ಗೆರೆಯ ಬಾಗು ತೊಂದರೆ ಕೊಡುವುದಿಲ್ಲ, ಅದು ಯಾವ ಎತ್ತರದಲ್ಲಿದೆ ಎಂದು ಸಲೀಸಾಗಿ ತಿಳಿಯುತ್ತದೆ. ಹೊರಅಂಚಿನ ಸಮತಟ್ಟಾದ ಕಡೆಯಿಂದ ಹೊರಟು ಒಂದೊಂದೇ ಪಟ್ಟಿ ದಾಟುತ್ತಾ ಹೊಲಿಗೆಯ ಕಡೆ ಬರಬೇಕು. ನಮ್ಮ ಉದಾಹರಣೆಯಲ್ಲಿ ಇಳಿಜಾರು ಅತಿ ಕಡಿದಾಗಿರುವ ಕಡೆಯೂ ಮೊದಲ ಗೆರೆ ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಬೀಳುವುದು ಸುಮಾರು 15 ಪಿಕ್ಸೆಲ್. ಪಕ್ಕದ ಗೆರೆ ಇರುವುದು 80 ಪಿಕ್ಸೆಲ್ ದೂರದಲ್ಲಿ. ಹೆಜ್ಜೆಗೆ 25 ಪಿಕ್ಸೆಲ್‌ಗಿಂತ ಹೆಚ್ಚು ಜಾರಕೂಡದು ಎಂದು ಕಟ್ಟಳೆ ಹಾಕಿದರೆ ಗೆರೆ ಗೆರೆಯಾಗಿಯೇ ಉಳಿಯುತ್ತದೆ, ಪಕ್ಕದ್ದಕ್ಕೆ ನೆಗೆಯುವುದಿಲ್ಲ. ಹೊಲಿಗೆಯ ಕಡೆಯಿಂದ ಹೊರಡುವುದು ಮಾತ್ರ ಬೇಡ. ಅಲ್ಲಿ ನೆರಳಿದೆ, ದಾರವಿದೆ, ಅಂಟಿನ ಕಲೆಯಿದೆ. ಮೊದಲ ಹೆಜ್ಜೆಯಲ್ಲೇ ದಾರಿ ತಪ್ಪುತ್ತದೆ.

ಇಷ್ಟಾದರೂ ಕೆಲವು ಗೆರೆಗಳು ಅರ್ಧದಲ್ಲೇ ಕಳೆದುಹೋಗುತ್ತವೆ. ಶಾಯಿ ಚೆಲ್ಲಿರುತ್ತದೆ, ಗೆರೆಯ ಬಣ್ಣ ಮಾಸಿರುತ್ತದೆ, ಯಾರೋ ತೇಪೆ ಹಚ್ಚಿರುತ್ತಾರೆ. ಆಗ ಕೈಹಿಡಿಯುವುದು ಕಾಗದದ ಗುಣ. ಕಾಗದ ಬಾಗುತ್ತದೆ, ಆದರೆ ಹಿಗ್ಗುವುದಿಲ್ಲ. ಹೊಲಿದ ಪುಸ್ತಕದಲ್ಲಿ ಅದು ಬಾಗುವುದೂ ಒಂದೇ ದಿಕ್ಕಿಗೆ, ಸುತ್ತಿಟ್ಟ ಚಾಪೆಯ ಹಾಗೆ. ಹೊಲಿಗೆಗೆ ಸಮಾನಾಂತರವಾಗಿ ಮೇಲಿನಿಂದ ಕೆಳಗೆ ನೋಡಿದರೆ ಹಾಳೆ ನೇರವಾಗಿಯೇ ಇರುತ್ತದೆ. ಆದ್ದರಿಂದ ಇಡೀ ಪುಟಕ್ಕೆ ಒಂದೇ ಒಂದು ಬಾಗಿನ ರೇಖೆ ಸಾಕು: ಹೊಲಿಗೆಯಿಂದ ಇಷ್ಟು ದೂರದಲ್ಲಿ ಹಾಳೆ ಇಷ್ಟು ಎತ್ತರದಲ್ಲಿದೆ ಎಂದು ಹೇಳುವ ರೇಖೆ. ಮೊದಲ ಸಾಲು 76 ಪಿಕ್ಸೆಲ್ ಕುಸಿದದ್ದು, ಮೇಲಿನ ಕಾಲುಭಾಗದ ಸಾಲು 38 ಕುಸಿದದ್ದು, ನಡುವಿನದು ಕುಸಿಯದೇ ಇದ್ದದ್ದು, ಕೊನೆಯದು 76 ಮೇಲೇರಿದ್ದು, ಎಲ್ಲಕ್ಕೂ ಕಾರಣ ಆ ಒಂದೇ ರೇಖೆ. ಮೂವತ್ತೈದು ಗೆರೆಗಳು ಒಂದೇ ವಿಷಯಕ್ಕೆ ಸಾಕ್ಷಿ ನುಡಿಯುತ್ತಿರುವಾಗ ಐದಾರು ಸಾಕ್ಷಿಗಳು ಗೈರುಹಾಜರಾದರೂ ತೀರ್ಪು ಕೆಡುವುದಿಲ್ಲ.

ಆ ರೇಖೆಯನ್ನು ಕಂಡುಹಿಡಿಯುವುದು ಊಹಿಸಿ ತಿದ್ದುವ ಕೆಲಸ. ಪ್ರೋಗ್ರಾಂ ಮೊದಲು ಒಂದು ಆಕಾರವನ್ನೂ, ಫೋನು ಇದ್ದ ಜಾಗ ಮತ್ತು ಓರೆಯನ್ನೂ ಊಹಿಸುತ್ತದೆ. ಹಾಳೆ ಹೀಗೆ ಬಾಗಿದ್ದು ಫೋನು ಅಲ್ಲಿದ್ದಿದ್ದರೆ ಪ್ರತಿ ಗೆರೆಯ ಪ್ರತಿ ಬಿಂದು ಫೋಟೊದಲ್ಲಿ ಎಲ್ಲಿ ಬೀಳಬೇಕಿತ್ತು ಎಂದು ಲೆಕ್ಕ ಹಾಕುತ್ತದೆ. ನಿಜವಾಗಿ ಬಿದ್ದ ಜಾಗಕ್ಕೂ ಲೆಕ್ಕದ ಜಾಗಕ್ಕೂ ಇರುವ ವ್ಯತ್ಯಾಸಗಳನ್ನೆಲ್ಲ ಕೂಡಿಸಿ, ಆ ಮೊತ್ತ ಇನ್ನು ಇಳಿಯುವುದಿಲ್ಲ ಎನ್ನುವವರೆಗೆ ಊಹೆಯನ್ನು ತಿದ್ದುತ್ತಲೇ ಹೋಗುತ್ತದೆ. ಅಮೆರಿಕದ ಸ್ವಾರ್ತ್‌ಮೋರ್ ಕಾಲೇಜಿನ ಮ್ಯಾಟ್ ಜಕರ್ 2016ರಲ್ಲಿ ಎಲ್ಲರ ಬಳಕೆಗೆ ಬಿಟ್ಟ `page_dewarp` ಎಂಬ ಪ್ರೋಗ್ರಾಂ ಈ ಬಗೆಯದು, ಕಲಿಯಲು ಹೊರಟವರಿಗೆ ಒಳ್ಳೆಯ ಮೊದಲ ಪಾಠ. ಅದರಲ್ಲಿ ಹಾಳೆಯ ಬಾಗನ್ನು ವಿವರಿಸಲು ಎರಡೇ ಸಂಖ್ಯೆಗಳು: ಎಡ ಅಂಚಿನ ಓರೆ, ಬಲ ಅಂಚಿನ ಓರೆ. ನಡುವಿನದನ್ನು ಒಂದು ನಯವಾದ ರೇಖೆ ತುಂಬಿಕೊಡುತ್ತದೆ.

ತೆಳು ಪುಸ್ತಕಗಳಿಗೆ ಈ ಎರಡು ಸಂಖ್ಯೆ ಸಾಕು. ದಪ್ಪ ರಿಜಿಸ್ಟರಿಗೆ ಸಾಲದು. ನಮ್ಮ ಪುಟದಲ್ಲಿ ಹೊರಗಿನ 18 ಸೆಂ.ಮೀ. ಹೆಚ್ಚುಕಡಿಮೆ ಸಮತಟ್ಟು, ಬಾಗೆಲ್ಲ ಇರುವುದು ಒಳಗಿನ 3 ಸೆಂ.ಮೀ.ನಲ್ಲಿ. ಎರಡೇ ಸಂಖ್ಯೆಗಳ ನಯವಾದ ರೇಖೆಗೆ ಹಾಗೆ ಕೊನೆಯಲ್ಲಿ ಥಟ್ಟನೆ ಬಾಗಲು ಬರುವುದಿಲ್ಲ. ಅದು ರಾಜಿ ಮಾಡಿಕೊಂಡು ಸಮತಟ್ಟಾದ ಭಾಗವನ್ನು ತುಸು ಉಬ್ಬಿಸುತ್ತದೆ, ಕಡಿದಾದ ಭಾಗವನ್ನು ತುಸು ಸಡಿಲಿಸುತ್ತದೆ. ಇದರ ಗುರುತು ಫಲಿತಾಂಶದ ಚಿತ್ರದಲ್ಲೇ ಇರುತ್ತದೆ: ಪುಟದ ನಡುವೆ ಗೆರೆಗಳು ಮೊದಲು ಬಾಗಿದ್ದಕ್ಕೆ ಎದುರು ದಿಕ್ಕಿನಲ್ಲಿ ಅಲೆಯಂತೆ ಏಳುತ್ತವೆ, ಹೊಲಿಗೆಯ ಹತ್ತಿರ ಹಳೆಯ ಬಾಗು ಇನ್ನೂ ಅಷ್ಟಿಷ್ಟು ಉಳಿದಿರುತ್ತದೆ. ಪರಿಹಾರವೆಂದರೆ ಒಂದೇ ರೇಖೆಯ ಬದಲು ಹಲವು ತುಂಡುಗಳನ್ನು ಕೀಲುಕೀಲಾಗಿ ಜೋಡಿಸಿದ ರೇಖೆ. ಹೊರಗಡೆ ನಾಲ್ಕೈದು ಸೆಂ.ಮೀ.ಗೆ ಒಂದು ಕೀಲು ಸಾಕು. ಒಳಗಿನ 3 ಸೆಂ.ಮೀ.ನಲ್ಲಿ ಅರ್ಧ ಸೆಂ.ಮೀ.ಗೊಂದು ಬೇಕು. ಎಲ್ಲ ಕಡೆ ಒತ್ತಾಗಿ ಕೀಲು ಹಾಕಿದರೆ ರೇಖೆ ಶಾಯಿಯ ಕಲೆಗಳಿಗೂ ಬಾಗತೊಡಗುತ್ತದೆ.

ಇನ್ನು ಎರಡನೆಯ ವಿಕಾರ, ಅಡ್ಡಡ್ಡ ಕುಗ್ಗುವುದು. ಇಳಿಜಾರಿನ ಮೇಲಿನ ಬರಹವನ್ನು ನೇರ ಮೇಲಿನಿಂದ ನೋಡಿದರೆ ಅಗಲ ಕಡಿಮೆಯಾಗಿ ಕಾಣುತ್ತದೆ. ಕ್ಯಾಮೆರಾ ಸರಿಯಾಗಿ ಹೊಲಿಗೆಯ ಮೇಲಿದ್ದರೆ ನಮ್ಮ ಉದಾಹರಣೆಯ ಕೊನೆಯ ಮೂರು ಸೆಂಟಿಮೀಟರುಗಳಲ್ಲಿ ಮೊದಲನೆಯದಕ್ಕೆ ಸುಮಾರು 97 ಪಿಕ್ಸೆಲ್ ಸಿಗುತ್ತದೆ, ಎರಡನೆಯದಕ್ಕೆ 80, ಹೊಲಿಗೆಗೆ ಅಂಟಿದ ಮೂರನೆಯದಕ್ಕೆ 50. ಮೂರಕ್ಕೂ ನೂರು ನೂರು ಸಿಗಬೇಕಿತ್ತು. ಸಾಲಿನ ಬಾಗನ್ನಷ್ಟೇ ನೇರ ಮಾಡಿ ಕೈತೊಳೆದುಕೊಂಡರೆ ಗೆರೆಗಳು ಚೆಂದವಾಗಿ ನೆಟ್ಟಗಾಗುತ್ತವೆ, ಆದರೆ ಹೊಲಿಗೆಯ ಪಕ್ಕದ ಅಂಕಿಗಳು ಅರ್ಧ ಅಗಲದಲ್ಲೇ ಉಳಿಯುತ್ತವೆ. ನೋಡುವವರಿಗೆ ಪುಟ ಸರಿಯಾದಂತೆಯೇ ಕಾಣುತ್ತದೆ. ಓದುವ ಪ್ರೋಗ್ರಾಮಿಗೆ ಮಾತ್ರ ಆ ಅಂಕಿಗಳು ತಾನು ಕಲಿತ ಅಂಕಿಗಳಂತಿರುವುದಿಲ್ಲ. ಕನ್ನಡ ಅಂಕಿಗಳಲ್ಲಿ ಬರೆದ ಹಳೆಯ ರಿಜಿಸ್ಟರಾದರೆ ೬ ಮತ್ತು ೯ರ ಬಾಲ ಯಾವ ಕಡೆ ಹೊರಳಿದೆ ಎಂಬುದೇ ಕಾಣದಾಗುತ್ತದೆ.

ಇದನ್ನು ಸರಿಪಡಿಸಲು ಬೇಕಾದ ಮಾಹಿತಿ ಈಗಾಗಲೇ ನಮ್ಮ ಕೈಯಲ್ಲಿದೆ, ಅದೇ ಬಾಗಿನ ರೇಖೆ. ಅಂತಿಮ ಚಿತ್ರ ಬರೆಯುವಾಗ ಫೋಟೊದ ಮೇಲಿನ ದೂರವನ್ನು ಸಮನಾಗಿ ಹಂಚದೆ, ಬಾಗಿದ ಕಾಗದದ ಮೈಮೇಲೇ ಅಳೆಯುತ್ತಾ ಮಿಲಿಮೀಟರಿಗೆ ಹತ್ತರಂತೆ ಬಿಂದುಗಳನ್ನಿಡಬೇಕು. ಪ್ರತಿ ಬಿಂದು ಮೂಲ ಫೋಟೊದಲ್ಲಿ ಎಲ್ಲಿದೆಯೋ ಅಲ್ಲಿಂದ ಬಣ್ಣ ತರಬೇಕು. ಓಪನ್‌ಸಿವಿ ಎಂಬ ಜನಪ್ರಿಯ ಸಾಧನದಲ್ಲಿ ಇದಕ್ಕೆ `cv2.remap` ಎಂಬ ಸಿದ್ಧ ಆದೇಶವಿದೆ. ಕೆಲವು ಸರಳ ಪ್ರೋಗ್ರಾಂಗಳು ಈ ಮೈಮೇಲಿನ ಅಳತೆಯನ್ನು ಬಿಟ್ಟುಬಿಡುತ್ತವೆ. ತೆಳು ಪುಸ್ತಕದಲ್ಲಿ ಅದರಿಂದ ಹಾನಿ ಕಡಿಮೆ, ಆದ್ದರಿಂದ ಯಾರೂ ದೂರುವುದಿಲ್ಲ.

ಆದರೆ 50 ಪಿಕ್ಸೆಲ್‌ಗಳನ್ನು 100 ಮಾಡಿದ ಮಾತ್ರಕ್ಕೆ ಹೊಸ ವಿವರ ಹುಟ್ಟುವುದಿಲ್ಲ. ಅಗಲ ಸರಿಯಾಗುತ್ತದೆ, ಸ್ಪಷ್ಟತೆ ಬರುವುದಿಲ್ಲ. ಇಲ್ಲಿಗೆ ಗಣಿತದ ಕೈ ಮುಗಿಯಿತು. ಮುಂದಿನದೆಲ್ಲ ಫೋಟೊ ತೆಗೆಯುವವರ ಕೈಯಲ್ಲಿದೆ.

ಫೋಟೊ ತೆಗೆಯುವವರು ಸಾಮಾನ್ಯವಾಗಿ ಫೋನನ್ನು ಪುಟದ ನಡುವಿಗೆ ಹಿಡಿಯುತ್ತಾರೆ. ಅದು ಸಹಜ. ಆದರೆ ಲೆಕ್ಕ ನೋಡಿ. ಪುಟದ ನಡುವೆಂದರೆ ಹೊಲಿಗೆಯಿಂದ ಸುಮಾರು 11 ಸೆಂ.ಮೀ. ಆಚೆ. 30 ಸೆಂ.ಮೀ. ಎತ್ತರದಿಂದ ಅಲ್ಲಿಗೆ ನೋಡುವ ನೋಟ ನೇರ ಕೆಳಮುಖವಾಗಿರದೆ 19 ಡಿಗ್ರಿಯಷ್ಟು ಓರೆಯಾಗಿರುತ್ತದೆ, ಅದೂ ಇಳಿಜಾರಿನ ಬೆನ್ನ ಕಡೆಯಿಂದ. 70 ಡಿಗ್ರಿ ಇಳಿಜಾರು 20 ಡಿಗ್ರಿ ಓರೆಯ ನೋಟಕ್ಕೆ ಪೂರ್ತಿ ಮರೆಯಾಗಿಬಿಡುತ್ತದೆ. ಎಂದರೆ ಕೂದಲೆಳೆಯ ಅಂತರದಲ್ಲಿ ಕಾಣುತ್ತಿದೆ ಅಷ್ಟೆ. ತುದಿಯ ಅಕ್ಷರಗಳು ಫೋಟೊದಲ್ಲಿ ಒಂದು ಗೀಟಾಗಿ ಮುದುಡಿರುತ್ತವೆ. ಮೇಲೆ ಹೇಳಿದ 50 ಪಿಕ್ಸೆಲ್ ಸಿಗುವುದು ಫೋನು ಹೊಲಿಗೆಯ ನೇರಕ್ಕೆ ಬಂದಾಗ ಮಾತ್ರ. ಇನ್ನೂ ಮುಂದೆ ಹೋಗಿ ಎದುರುಪುಟದ ಕಡೆಗೆ ಸರಿದರೆ ಇಳಿಜಾರು ಕ್ಯಾಮೆರಾಗೆ ಮುಖ ಕೊಡುತ್ತದೆ, ಅಕ್ಷರಗಳು ಮತ್ತಷ್ಟು ಅಗಲವಾಗುತ್ತವೆ. ಎಷ್ಟು ಸರಿಯಬಹುದು ಎಂಬುದಕ್ಕೆ ಎದುರುಪುಟದ ಉಬ್ಬೇ ಮಿತಿ. ಅದು ಅಡ್ಡ ಬಂದು ಹೊಲಿಗೆಯ ಅಂಚನ್ನು ಮರೆಮಾಡತೊಡಗಿದರೆ ಒಂದಿಷ್ಟು ಹಿಂದೆ ಬರಬೇಕು.

ಎಡಪುಟದ ಹೊಲಿಗೆಯನ್ನು ಬಲಪುಟದ ಮೇಲಿನಿಂದ, ಬಲಪುಟದ ಹೊಲಿಗೆಯನ್ನು ಎಡಪುಟದ ಮೇಲಿನಿಂದ ತೆಗೆಯಬೇಕೆಂಬುದು ಕೇಳಲು ತಿರುಗುಮುರುಗಾಗಿ ಕಂಡರೂ ಕೆಲಸ ಮಾಡುವುದು ಅದೇ. ಹಾಗೆ ತೆಗೆದರೆ ಪುಟದ ಹೊರಅಂಚು ಚೌಕಟ್ಟಿನಿಂದ ಆಚೆ ಹೋಗುತ್ತದೆ, ನಿಜ. ಆದ್ದರಿಂದ ಪ್ರತಿ ಪುಟಕ್ಕೆ ಎರಡು ಫೋಟೊ: ಇಡೀ ಪುಟದ್ದೊಂದು, ಹೊಲಿಗೆಯ ಪಟ್ಟಿಯದೊಂದು. ಎರಡನ್ನೂ ಬೇರೆಬೇರೆಯಾಗಿಯೇ ಸಪಾಟು ಮಾಡಿ, ಗೆರೆ ಎಣಿಸಿ ಸಾಲಿಗೆ ಸಾಲು ಹೊಂದಿಸಿಕೊಳ್ಳಬಹುದು. ಅಂಟಿಸಿ ಒಂದೇ ಚಿತ್ರ ಮಾಡುವ ಹಟ ಬೇಡ. ಸಮಯ ದುಪ್ಪಟ್ಟಾಗುತ್ತದೆ ಎಂದು ತೆಗೆಯುವವರು ಗೊಣಗುತ್ತಾರೆ. ತಾರೀಖು ಹೊಲಿಗೆಯಲ್ಲಿರುವ ರಿಜಿಸ್ಟರಿಗೆ ಇದರಲ್ಲಿ ರಿಯಾಯಿತಿ ತೋರಿಸಬಾರದು ಎಂಬುದು ನನ್ನ ಅಭಿಪ್ರಾಯ. ಹೊಲಿಗೆಯ ಕಡೆ ಬರೀ ಷರಾ ಕಾಲಂ ಇದ್ದು ಅದೂ ಖಾಲಿಯಿದ್ದರೆ ಒಂದೇ ಫೋಟೊ ಸಾಕು.

ಎತ್ತರ ಹೆಚ್ಚಿಸುವುದೂ ಒಂದು ದಾರಿ. ಫೋನನ್ನು 60 ಸೆಂ.ಮೀ. ಮೇಲಕ್ಕೆ ಒಯ್ದರೆ ಮೊದಲ ಸಾಲಿನ ಕುಸಿತ 20 ಪಿಕ್ಸೆಲ್ ಒಳಗೆ ಬರುತ್ತದೆ, ಸಾಲುಗಳ ಅಂತರ 40. ಪೂರ್ತಿ ಒಂದು ಸಾಲು ಜಾರುತ್ತಿದ್ದದ್ದು ಅರ್ಧಕ್ಕಿಂತ ಕಡಿಮೆ ಜಾರುತ್ತದೆ. ಹೊಲಿಗೆಯ ಕಡೆಗಿನ ಓರೆನೋಟವೂ 19ರಿಂದ 10 ಡಿಗ್ರಿಗೆ ಇಳಿಯುತ್ತದೆ. ಬದಲಿಗೆ ಮಿಲಿಮೀಟರಿಗೆ ಐದೇ ಪಿಕ್ಸೆಲ್ ಸಿಗುತ್ತವೆ. ಫೋನಿನಲ್ಲಿ ದೂರದ್ದನ್ನು ಹತ್ತಿರ ತರುವ ಬೇರೆಯದೇ ಲೆನ್ಸ್ ಇದ್ದರೆ ಈ ನಷ್ಟವೂ ಇಲ್ಲ: ದೂರ ನಿಂತು ಆ ಲೆನ್ಸಿನಲ್ಲಿ ತೆಗೆಯಿರಿ. ತೆರೆಯ ಮೇಲೆ ಬೆರಳು ಹಿಗ್ಗಿಸಿ ದೊಡ್ಡದು ಮಾಡುವುದರಿಂದ ಈ ಲಾಭ ಸಿಗುವುದಿಲ್ಲ, ಅದು ಚಿತ್ರವನ್ನು ಕತ್ತರಿಸಿ ಊದಿಸುವುದಷ್ಟೆ. ಫೋನುಗಳಲ್ಲಿ ಬರುವ ದಾಖಲೆ ಸ್ಕ್ಯಾನ್ ಮಾಡುವ ಆ್ಯಪ್‌ಗಳಿಂದಲೂ ಇಲ್ಲಿ ದೂರವಿರುವುದು ಕ್ಷೇಮ. ಅವುಗಳಲ್ಲಿ ಹೆಚ್ಚಿನವು ನಾಲ್ಕು ಮೂಲೆ ಹಿಡಿದು ಓರೆ ತಿದ್ದುತ್ತವೆ, ಬಾಗನ್ನು ಹಾಗೇ ಬಿಡುತ್ತವೆ. ಮೇಲಾಗಿ ಅಂಚು ಕತ್ತರಿಸಿ, ಬಣ್ಣ ಹೆಚ್ಚಿಸಿ, ನಮಗೆ ಬೇಕಾದ ಮಾಸಲು ಗೆರೆಗಳನ್ನು ಅಳಿಸಿಯೇ ಕೊಡುತ್ತವೆ. ಸಾದಾ ಕ್ಯಾಮೆರಾದ ಫೋಟೊವೇ ಒಳ್ಳೆಯದು.

ಹೊಲಿಗೆಯ ಮೇಲೆ ಕೈಯಿಟ್ಟು ಒತ್ತಿ ಚಪ್ಪಟೆ ಮಾಡಿದರೆ ಇದೆಲ್ಲ ಬೇಡವಲ್ಲ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಐವತ್ತು ಅರವತ್ತು ವರ್ಷದ ಅಂಟು ಒಣಗಿ ಗಾಜಿನಂತಾಗಿರುತ್ತದೆ. ಒತ್ತಿದರೆ ಬೆನ್ನು ಬಿರಿಯುತ್ತದೆ, ಹಾಳೆಗಳು ಕಳಚುತ್ತವೆ. ಒತ್ತಬೇಡಿ.

ಒತ್ತುವುದಕ್ಕಿಂತ ಬಹಳ ಉಪಯೋಗದ, ಹೆಚ್ಚು ಖರ್ಚಿಲ್ಲದ ಒಂದು ವಸ್ತು ದರ್ಜಿ ಅಂಗಡಿಯಲ್ಲಿದೆ. ಬಟ್ಟೆ ಅಳೆಯುವ ಟೇಪನ್ನು ಪುಟದ ತಲೆಯ ಖಾಲಿ ಜಾಗದಲ್ಲಿ ಅಡ್ಡಲಾಗಿ, ಕಾಗದದ ಮೈಗೆ ಅಂಟಿಕೊಳ್ಳುವಂತೆ ಹೊಲಿಗೆಯ ತಗ್ಗಿನವರೆಗೂ ಇಳಿಬಿಟ್ಟು ಒಂದು ಫೋಟೊ ತೆಗೆಯಿರಿ. ಟೇಪಿನ ಸೆಂಟಿಮೀಟರ್ ಗುರುತುಗಳ ನಡುವೆ ಫೋಟೊದಲ್ಲಿ 97, 80, 50 ಎಂದು ಅಂತರ ಕುಗ್ಗುತ್ತಾ ಹೋಗುವುದು ಎದುರಿಗೇ ಕಾಣುತ್ತದೆ. ಬಾಗಿನ ರೇಖೆ ಸರಿಯಾಗಿ ಸಿಕ್ಕಿದೆಯೇ ಎಂದು ತಿಳಿಯಲು ಇದಕ್ಕಿಂತ ನೇರವಾದ ಪರೀಕ್ಷೆಯಿಲ್ಲ: ಸಪಾಟು ಮಾಡಿದ ಚಿತ್ರದಲ್ಲಿ ಅದೇ ಗುರುತುಗಳು ಸಮ ಅಂತರದಲ್ಲಿ ಬರಬೇಕು. ಹಾಳೆ ಮಗುಚಿದಂತೆಲ್ಲ ರಿಜಿಸ್ಟರಿನ ಬಾಗು ಬದಲಾಗುವುದರಿಂದ ಆರಂಭದಲ್ಲಿ, ನಡುವೆ, ಕೊನೆಯಲ್ಲಿ ಟೇಪಿನ ಫೋಟೊ ಮತ್ತೆ ತೆಗೆಯಬೇಕು.

ಟೇಪಿಲ್ಲದೆ ತೆಗೆದ ಹಳೆಯ ಫೋಟೊಗಳೇ ಕೈಗೆ ಬಂದಿದ್ದರೂ ಪರೀಕ್ಷಿಸುವ ದಾರಿಗಳಿವೆ. ಸಪಾಟಾದ ಚಿತ್ರದಲ್ಲಿ ಗೆರೆಗಳಿಗೆ ನೇರ ಪಟ್ಟಿಯಿಟ್ಟು ನೋಡಿದಾಗ ಎಲ್ಲೂ ಎರಡು ಮೂರು ಪಿಕ್ಸೆಲ್‌ಗಿಂತ ಹೆಚ್ಚು ಸರಿದಿರಬಾರದು. ಮೇಲಿನ ಸಾಲುಗಳನ್ನೂ ಕೆಳಗಿನವನ್ನೂ ನೋಡಬೇಕು. ನಡುವಿನವು ಯಾವಾಗಲೂ ಸರಿಯಿರುವುದರಿಂದ ಅವುಗಳ ಸಾಕ್ಷಿಗೆ ಬೆಲೆಯಿಲ್ಲ. ಹೊಲಿಗೆಯ ಪಕ್ಕದ ಕಾಲಮಿನ ಅಗಲವನ್ನು ಅಸಲು ರಿಜಿಸ್ಟರಿನಲ್ಲಿ ಅಳೆದು ಚಿತ್ರದ ಅಳತೆಯೊಂದಿಗೆ ಹೋಲಿಸಬೇಕು. ಎಲ್ಲಕ್ಕಿಂತ ಬಲವಾದ ಪರೀಕ್ಷೆಯನ್ನು ರಿಜಿಸ್ಟರ್ ತಾನೇ ಒದಗಿಸಿದೆ. ಜನ್ಮದಿನಾಂಕವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಯಬೇಕೆಂದು ಕಾಲಂ ಮಾಡಿದವರು ತಿದ್ದುಪಡಿ ತಡೆಯಲು ಹಾಗೆ ಮಾಡಿದರು. ಈಗ ಅದೇ ಸಾಲು ಜಾರುವುದನ್ನೂ ಹಿಡಿದುಕೊಡುತ್ತದೆ. ಎಡಪುಟದ ಅಂಕಿಗೂ ಬಲಪುಟದ ಅಕ್ಷರಕ್ಕೂ ತಾಳೆಯಾಗದ ಸಾಲುಗಳು ಪುಟದ ಮೇಲೂ ಕೆಳಗೂ ಗುಂಪುಗೂಡಿದ್ದರೆ ಅದು ಹೊಲಿಗೆಯ ಕಿತಾಪತಿ. ಅಲ್ಲೊಂದು ಇಲ್ಲೊಂದು ಚದುರಿದ್ದರೆ ಗುಮಾಸ್ತರದೋ ಓದುವ ಪ್ರೋಗ್ರಾಮಿನದೋ ತಪ್ಪು. ಒಂದು ಎಚ್ಚರಿಕೆ: ಎರಡೂ ಪುಟ ಒಂದೇ ಫೋಟೊದಲ್ಲಿದ್ದು, ಹೊಲಿಗೆಯ ಎರಡೂ ಪಕ್ಕ ಸಮನಾಗಿ ಬಾಗಿದ್ದರೆ ಅಂಕಿಯೂ ಅಕ್ಷರವೂ ಒಟ್ಟಿಗೇ ಜಾರಿ ಪರಸ್ಪರ ತಾಳೆಯಾಗಿಬಿಡುತ್ತವೆ. ಆಗ ಹೊಲಿಗೆಯಿಂದ ದೂರದ ಕಾಲಂ ಒಂದನ್ನು, ಉದಾಹರಣೆಗೆ ದಾಖಲಾದ ತರಗತಿಯನ್ನು, ಪಕ್ಕಕ್ಕಿಟ್ಟು ನೋಡಬೇಕು. ಒಂದನೆಯ ತರಗತಿಗೆ ಸೇರಿದವನಿಗೆ ಹನ್ನೊಂದು ವರ್ಷವಾಗಿದ್ದರೆ ಅಸಲು ರಿಜಿಸ್ಟರ್ ತೆರೆಯುವುದೇ ಸರಿ.

ಇತ್ತೀಚೆಗೆ ಬಾಗಿದ ಸಾಲನ್ನು ಬಾಗಿದ ಹಾಗೆಯೇ ಹಿಂಬಾಲಿಸಿ ಓದುವ ಪ್ರೋಗ್ರಾಂಗಳು ಬಂದಿವೆ. ಟ್ರಾನ್ಸ್‌ಕ್ರಿಬಸ್, ಕ್ರಾಕೆನ್ ಇಂಥವು. ಅವು ಪ್ರತಿ ಸಾಲಿನ ಬುಡದಲ್ಲಿ ಬಾಗುವ ಗೆರೆಯೊಂದನ್ನು ಎಳೆದು ಅದರ ಗುಂಟ ಸಾಲನ್ನು ನೇರ ಮಾಡಿಕೊಳ್ಳುತ್ತವೆ. ಪುಟವನ್ನು ಮೊದಲೇ ಸಪಾಟು ಮಾಡುವ ಕಷ್ಟವೇಕೆ ಎಂದು ಕೇಳುವವರ ಮಾತಿನಲ್ಲಿ ಅರ್ಧ ಸತ್ಯವಿದೆ. ಸಾದಾ ಬರಹದ ಪುಸ್ತಕಕ್ಕೆ ಅಷ್ಟೇ ಸಾಕು. ರಿಜಿಸ್ಟರಿನಲ್ಲಿ ಹೆಸರಿಗೂ ತಾರೀಖಿಗೂ ನಡುವೆ ಖಾಲಿ ಕಾಲಮುಗಳಿರುತ್ತವೆ, ಹಿಂಬಾಲಿಸಲು ಬರಹವೇ ಇಲ್ಲದ ಕಡೆ ಪ್ರೋಗ್ರಾಂ ಪಕ್ಕದ ಸಾಲಿಗೆ ಹಾರುತ್ತದೆ. ಅಡ್ಡಡ್ಡ ಕುಗ್ಗಿದ್ದನ್ನಂತೂ ಅದು ಮುಟ್ಟುವುದೇ ಇಲ್ಲ. ಫೋಟೊ ನೋಡಿ ಬಾಗನ್ನು ತಾನೇ ಊಹಿಸಲು ಕಲಿತ ನರಜಾಲಗಳೂ ಇವೆ, 2018ರ ಡಾಕ್‌ಯುನೆಟ್, 2019ರ ಡ್ಯೂವಾರ್ಪ್‌ನೆಟ್ ಅವುಗಳಲ್ಲಿ ಹೆಸರಾದವು. ಮುದುಡಿದ, ಮಡಚಿದ ಬಿಡಿ ಕಾಗದಗಳಿಗೆ ಅವು ಚೆನ್ನ. ಹೊಲಿದ ರಿಜಿಸ್ಟರಿಗೆ ನಾನು ಒಂದೇ ದಿಕ್ಕಿಗೆ ಬಾಗುವ ಹಾಳೆಯ ಲೆಕ್ಕವನ್ನೇ ಆರಿಸಿಕೊಳ್ಳುತ್ತೇನೆ. ಅದು ಸೋತಾಗ ಎಷ್ಟು ಪಿಕ್ಸೆಲ್ ಸೋತೆ ಎಂದು ತಾನೇ ಹೇಳುತ್ತದೆ.

ಸೋಲುವುದೂ ಉಂಟು. ಮಳೆನೀರು ಕುಡಿದು ಅಲೆಅಲೆಯಾಗಿ ಎದ್ದ ಹಾಳೆ ಎರಡು ದಿಕ್ಕಿಗೂ ಬಾಗಿರುತ್ತದೆ, ಅದಕ್ಕೆ ಒಂದೇ ರೇಖೆ ಹೊಂದುವುದಿಲ್ಲ. ಮೇಲ್ತುದಿಯಲ್ಲಿ ಹೊಲಿಗೆ ಬಿಚ್ಚಿ ಕೆಳತುದಿಯಲ್ಲಿ ಬಿಗಿಯಾಗಿರುವ ರಿಜಿಸ್ಟರಿನಲ್ಲಿ ಹಾಳೆ ತಿರುಚಿಕೊಂಡಿರುತ್ತದೆ. ಇಂಥ ಪುಟಗಳಲ್ಲಿ ಗೆರೆಗಳ ಉಳಿಕೆ ತಪ್ಪು ಹತ್ತು ಹದಿನೈದು ಪಿಕ್ಸೆಲ್ ದಾಟುತ್ತದೆ. ಅವನ್ನು ಬೇರೆ ತೆಗೆದಿಟ್ಟು ಕೈಯಿಂದಲೇ ಬರೆಯುವುದು ಸರಿ. ಮರುಬೈಂಡ್ ಮಾಡಿಸಿದಾಗ ದಾರ ಬರಹದ ಮೇಲೆಯೇ ಹಾದುಹೋಗಿದ್ದರೆ ಹೊಲಿಗೆಯ ಒಳಗೆ ಸೇರಿದ ಅಂಕಿ ಯಾವ ಫೋಟೊದಲ್ಲೂ ಇರುವುದಿಲ್ಲ. ಅಂಥ ಕಡೆ ಖಾಲಿ ಬಿಟ್ಟು ‘ಹೊಲಿಗೆಯಲ್ಲಿ ಮರೆಯಾಗಿದೆ’ ಎಂದು ಷರಾ ಬರೆಯಬೇಕು, ಊಹಿಸಿ ತುಂಬಬಾರದು.

ನಿಮ್ಮ ಶಾಲೆಯ ಅಥವಾ ಪಂಚಾಯತಿಯ ರಿಜಿಸ್ಟರುಗಳನ್ನು ಯಾರಾದರೂ ಫೋನಿನಲ್ಲಿ ತೆಗೆಯಲು ಬಂದರೆ ಎರಡು ಮಾತು ಕೇಳಿಕೊಳ್ಳಿ: ಹೊಲಿಗೆಯ ಪಟ್ಟಿಯ ಫೋಟೊ ಬೇರೆಯಾಗಿ ತೆಗೆಯುತ್ತೀರಾ, ಮತ್ತು ಸಪಾಟು ಮಾಡಿದ ಮೇಲೂ ಮೂಲ ಫೋಟೊಗಳನ್ನು ಇಟ್ಟುಕೊಳ್ಳುತ್ತೀರಾ? ಸಪಾಟು ಮಾಡುವ ಲೆಕ್ಕ ನಾಳೆ ಸುಧಾರಿಸಿದರೆ ಮೂಲ ಫೋಟೊದಿಂದ ಮತ್ತೆ ಶುರುಮಾಡಬಹುದು. ತಿದ್ದಿದ ಚಿತ್ರವೊಂದೇ ಉಳಿದಿದ್ದರೆ ಆ ದಾರಿ ಮುಚ್ಚಿರುತ್ತದೆ.